ಒಂದೇ ಫೋಟೋ, ನಾಲ್ಕು ಅಳತೆ: ಮುಖ ಕೆಡದ ಹಾಗೆ ಕ್ರಾಪ್ ಮಾಡುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅವರದ್ದು ಕ್ಯಾಮೆರಾದಲ್ಲಿ ತೆಗೆದ ಒಂದೇ ಒಂದು ಚೆಂದದ ಉದ್ದ ಫೋಟೋ ಇದೆ. ಡಿಪಿ, ಇನ್‌ಸ್ಟಾ ಪೋಸ್ಟ್, ಸ್ಟೋರಿ, ಯೂಟ್ಯೂಬ್ ಎಲ್ಲದಕ್ಕೂ ಅದನ್ನೇ ಹಾಕಬೇಕು. ಒಂದು ಕಡೆ ತಲೆ ಕತ್ತರಿಸಿ ಹೋಗುತ್ತದೆ, ಇನ್ನೊಂದು ಕಡೆ ಮುಖ ಎಲ್ಲೋ ಮೂಲೆಯಲ್ಲಿ ಕೂರುತ್ತದೆ. ಏನು ಮಾಡಲಿ?

ಉತ್ತರ:

ಆ್ಯಪ್‌ಗಳು ತಾವಾಗಿಯೇ ಕತ್ತರಿಸುವಾಗ ಹೆಚ್ಚಾಗಿ ಫೋಟೋದ ನಟ್ಟನಡುವಿನ ಭಾಗ ಉಳಿಸಿಕೊಳ್ಳುತ್ತವೆ. ನಿಂತ ಮನುಷ್ಯನ ಉದ್ದ ಫೋಟೋದಲ್ಲಿ ನಟ್ಟನಡುವೆ ಇರುವುದು ಹೊಟ್ಟೆ. ಹಾಗಾಗಿ ಫೋಟೋದ ನಡು ಮರೆತುಬಿಡಿ, ಕಣ್ಣು ಎಲ್ಲಿದೆ ಎಂದು ಅಳೆದುಕೊಂಡು ಅಲ್ಲಿಂದ ಲೆಕ್ಕ ಹಾಕಿ.

ನಾನು ಶಿವಮೊಗ್ಗದಲ್ಲಿ ಸ್ಟುಡಿಯೋ ಇಟ್ಟುಕೊಂಡವನು. ಸಾಗರದ ಕಡೆ ಜೇನು ಮಾರುವ ಹಿರಿಯರೊಬ್ಬರ ಫೋಟೋಕ್ಕೆ ಇದೇ ಕೆಲಸ ಮಾಡಿದ್ದೆ, ಅದರ ಲೆಕ್ಕವನ್ನೇ ಕೊಡುತ್ತೇನೆ. ಅಡಿಕೆ ತೋಟದಲ್ಲಿ ನಿಂತಿದ್ದಾರೆ, ತಲೆಗೆ ಹಾಳೆಟೋಪಿ, ಕೈಯಲ್ಲಿ ಜೇನಿನ ಬಾಟಲಿ, ನೋಟ ಫೋಟೋದ ಎಡಕ್ಕೆ. ಫೋಟೋ 4000 ಪಿಕ್ಸೆಲ್ ಅಗಲ, 6000 ಎತ್ತರ.

ಮೊದಲು ಫೋಟೋ ತಿದ್ದುವ ತಂತ್ರಾಂಶವಾದ ಜಿಂಪ್‌ನಲ್ಲಿ ಫೋಟೋ ತೆರೆದು ಮೌಸ್ ಬಾಣವನ್ನು ಮುಖದ ಮೇಲೆ ಓಡಾಡಿಸಿದೆ. ಬಾಣ ಎಲ್ಲಿದೆ ಎಂಬುದು ಕೆಳಗೆ ಎಡಮೂಲೆಯಲ್ಲಿ ಅಂಕಿಯಾಗಿ ಕಾಣುತ್ತದೆ. ಬರೆದುಕೊಂಡದ್ದು ಇಷ್ಟೇ: ಮೇಲಿನಿಂದ ಎಣಿಸಿದರೆ ಟೋಪಿಯ ತುದಿ 1250, ಕಣ್ಣು 1900, ಗಲ್ಲ 2350. ಎಡದಿಂದ ಎಣಿಸಿದರೆ ಮುಖದ ನಡು 2200. ತಲೆ ಎಂದರೆ ಟೋಪಿಯೂ ಸೇರಿಯೇ, ಆದ್ದರಿಂದ ತಲೆಯ ಎತ್ತರ 1100. ನಿಮ್ಮ ಅತ್ತಿಗೆ ಹೂ ಮುಡಿದಿದ್ದು ಅದು ತಲೆಗಿಂತ ಮೇಲೆ ಕಾಣುತ್ತಿದ್ದರೆ ಹೂವಿನ ತುದಿಯಿಂದ ಅಳೆಯಿರಿ.

ಇನ್‌ಸ್ಟಾ ಪೋಸ್ಟ್‌ಗೆ 4:5 ತೆಗೆದುಕೊಳ್ಳೋಣ. ಕಣ್ಣು ಚೌಕಟ್ಟಿನ ಮೇಲಿನ ಮೂರನೇ ಒಂದು ಭಾಗದ ಗೆರೆಯ ಮೇಲೆ ಬಂದರೆ ಸಾಮಾನ್ಯವಾಗಿ ಚೆಂದ. ತಲೆ ಚೌಕಟ್ಟಿನ ಕಾಲು ಭಾಗದಷ್ಟಿರಲಿ ಎಂದು 3200 ಅಗಲ, 4000 ಎತ್ತರ ಆರಿಸಿಕೊಂಡೆ. 4000ದ ಮೂರನೇ ಒಂದು ಭಾಗ 1333. ಕಣ್ಣಿನ 1900ರಲ್ಲಿ ಅದನ್ನು ಕಳೆದರೆ 567, ಕತ್ತರಿ ಶುರುವಾಗಬೇಕಾದ್ದು ಅಲ್ಲಿಂದ. ಅಡ್ಡಕ್ಕೆ ಮುಖವನ್ನು ಸರಿಯಾಗಿ ನಡುವೆ ಇಡಲಿಲ್ಲ. ಅವರು ಎಡಕ್ಕೆ ನೋಡುತ್ತಿರುವುದರಿಂದ ಎಡಗಡೆ ತುಸು ಜಾಗ ಬೇಕು, ಇಲ್ಲದಿದ್ದರೆ ಗೋಡೆ ನೋಡುತ್ತಾ ನಿಂತ ಹಾಗೆ ಕಾಣುತ್ತದೆ. ಮುಖ ಎಡದಿಂದ ನೂರಕ್ಕೆ 55ರಷ್ಟು ದೂರದಲ್ಲಿ ಬರುವಂತೆ 440ರಿಂದ ಶುರು ಮಾಡಿದೆ. ಕೆಳಗಿನ ಅಂಚು 4567ಕ್ಕೆ ಬಂತು. ಬಾಟಲಿಯ ತಳ 4400ರಲ್ಲಿ ಇತ್ತು, ಕೈ ಪೂರ್ತಿ ಉಳಿಯಿತು. ಅಂಚು ಮಣಿಕಟ್ಟಿನ ಮೇಲೆ ಬಿದ್ದಿದ್ದರೆ ಕೈ ತುಂಡಾದಂತೆ ಕಾಣುತ್ತಿತ್ತು. ಆಗ ಅಂಚನ್ನು ತೋಳಿನ ನಡುವಿಗೆ ಏರಿಸಬೇಕು, ಇಲ್ಲವೇ ಕೈ ದಾಟಿಸಿ ಕೆಳಗಿಳಿಸಬೇಕು.

ಇಲ್ಲೊಂದು ವಿಷಯ ಗಮನಿಸಿ. 2025ರಿಂದ ಇನ್‌ಸ್ಟಾಗ್ರಾಂ ಪ್ರೊಫೈಲ್ ಪುಟದ ಸಣ್ಣ ಚಿತ್ರಗಳು ಚೌಕವಲ್ಲ, 3:4. ನೀವು 1080×1350ರಲ್ಲಿ ಹಾಕಿದ ಪೋಸ್ಟ್ ಅಲ್ಲಿ ಎರಡೂ ಪಕ್ಕ ಸುಮಾರು 34 ಪಿಕ್ಸೆಲ್ ಕಳೆದುಕೊಳ್ಳುತ್ತದೆ. ಮುಖಕ್ಕೆ ಇದರಿಂದ ತೊಂದರೆಯಿಲ್ಲ, ಅಂಚಿಗೆ ಒತ್ತಿ ಬರೆದ ಬೆಲೆ, ಫೋನ್ ನಂಬರ್ ಕತ್ತರಿಸಿಹೋಗುತ್ತದೆ. ಚೌಕದ ಪೋಸ್ಟ್ ಹಾಕಿದರೆ ಅಗಲದಲ್ಲಿ ಕಾಲು ಭಾಗವೇ ಮರೆಯಾಗುತ್ತದೆ. ಅದಕ್ಕೇ ನಾನು ಈಗ ಚೌಕ ಮಾಡುವುದನ್ನೇ ಬಿಟ್ಟಿದ್ದೇನೆ.

ಸ್ಟೋರಿಗೆ 9:16. ಇದಕ್ಕೆ ಇಡೀ ಎತ್ತರ ಬಳಸಿದೆ: 6000 ಎತ್ತರಕ್ಕೆ ಅಗಲ 3375. ಕಣ್ಣು ತಾನಾಗಿಯೇ ಮೂರನೇ ಒಂದು ಭಾಗದ ಹತ್ತಿರ ಬಂತು. ಸ್ಟೋರಿಯಲ್ಲಿ ನೋಡಬೇಕಾದ್ದು ಬೇರೆ: 1920 ಪಿಕ್ಸೆಲ್ ಎತ್ತರದಲ್ಲಿ ಮೇಲಿನ ಸುಮಾರು 250ರ ಮೇಲೆ ಖಾತೆಯ ಹೆಸರು ಕೂರುತ್ತದೆ, ಕೆಳಗಿನ ಸುಮಾರು 340ರಲ್ಲಿ ಉತ್ತರ ಬರೆಯುವ ಜಾಗ. ಟೋಪಿಯ ತುದಿ 400ಕ್ಕೆ, ಬಾಟಲಿಯ ತಳ 1408ಕ್ಕೆ ಬಂದದ್ದರಿಂದ ಎರಡೂ ಬಚಾವಾದವು.

ಡಿಪಿಗೆ ಮಾತ್ರ ಮೂರನೇ ಒಂದು ಭಾಗದ ಲೆಕ್ಕ ನಡೆಯುವುದಿಲ್ಲ. ನೀವು ಕೊಡುವುದು ಚೌಕ, ಜನ ನೋಡುವುದು ವೃತ್ತ. ಚೌಕದ ನೂರರಲ್ಲಿ ಇಪ್ಪತ್ತೊಂದು ಭಾಗಕ್ಕೂ ಹೆಚ್ಚು ನಾಲ್ಕು ಮೂಲೆಗಳಲ್ಲಿ ಹೋಗಿಬಿಡುತ್ತದೆ, ಮೇಲೆ ಹೋದಷ್ಟೂ ಅಗಲ ಕಿರಿದಾಗುತ್ತದೆ. ಕಣ್ಣನ್ನು ಮೇಲಿಟ್ಟರೆ ಟೋಪಿಯ ಎರಡು ಕೊನೆಗಳೂ ಹಾರಿಹೋಗುತ್ತವೆ. ಇಲ್ಲಿ ತಲೆ ನಡುವಿಗಿಂತ ಒಂಚೂರು ಮೇಲಿರಲಿ, ಚೌಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಲಿ. 1100ರ ತಲೆಗೆ 1900ರ ಚೌಕ ಸರಿಹೋಯಿತು. ನೋಟ ಎತ್ತ ಇದ್ದರೂ ಅಡ್ಡಕ್ಕೆ ಮುಖ ನಡುವೆಯೇ ಇರಬೇಕು. ಬಾಟಲಿ ಇದರಲ್ಲಿ ಬರಲಿಲ್ಲ. "ಜೇನೇ ಕಾಣ್ತಿಲ್ವಲ್ಲ ಮಾರಾಯ್ರೇ" ಎಂದು ಅವರು ಬೇಜಾರು ಮಾಡಿಕೊಂಡರು. ಆದರೆ ವಾಟ್ಸಾಪ್ ಪಟ್ಟಿಯಲ್ಲಿ ಡಿಪಿ ಕಾಣುವುದು ಉಗುರಿನಷ್ಟು. ಅಷ್ಟರಲ್ಲಿ ಬಾಟಲಿಯನ್ನೂ ತುರುಕಿದರೆ ಇದು ಯಾರ ಮುಖ ಎಂದೇ ತಿಳಿಯುವುದಿಲ್ಲ.

ಯೂಟ್ಯೂಬಿನ 16:9ರಲ್ಲಿಯೇ ಹೆಚ್ಚು ಫಜೀತಿ. 4000 ಅಗಲ ಪೂರ್ತಿ ಬಳಸಿದರೂ ಎತ್ತರ ಸಿಗುವುದು 2250. ನಡುವಿನಿಂದ ಕತ್ತರಿಸಿದರೆ ಚೌಕಟ್ಟು 1875ಕ್ಕೆ ಶುರುವಾಗುತ್ತದೆ, ಕಣ್ಣು ಇರುವುದು 1900ಕ್ಕೆ. ಟೋಪಿ, ಹಣೆ ಎಲ್ಲ ಹೋಗಿ ಮೇಲಿನ ಅಂಚಿನಿಂದ ಕಣ್ಣು ಇಣುಕುತ್ತದೆ. ನಿಮಗೆ ತಲೆ ಹೋಗುತ್ತಿರುವುದೂ ಹೀಗೇ ಇರಬೇಕು. ಮೂರನೇ ಒಂದು ಭಾಗದ ಲೆಕ್ಕದಲ್ಲಿ 1150ರಿಂದ ಶುರು ಮಾಡಿದರೆ ಟೋಪಿಯ ಮೇಲೆ ಬರೀ 100 ಪಿಕ್ಸೆಲ್ ಉಳಿಯುತ್ತದೆ, ಉಸಿರುಗಟ್ಟಿದಂತೆ ಕಾಣುತ್ತದೆ. 1050ರಿಂದ ತೆಗೆದೆ, ಕಣ್ಣು ತುಸು ಕೆಳಗೆ ಬಂದರೂ ಟೋಪಿಗೆ ಜಾಗ ಸಿಕ್ಕಿತು. ಅಗಲ ಪೂರ್ತಿ ಖರ್ಚಾದ ಮೇಲೆ ಮುಖವನ್ನು ಪಕ್ಕಕ್ಕೆ ಸರಿಸುವ ಮಾತೇ ಇಲ್ಲ.

ಲೆಕ್ಕ ಸಿಕ್ಕಿದ ಮೇಲೆ ಜಿಂಪ್‌ನ ಕ್ರಾಪ್ ಟೂಲ್‌ನಲ್ಲಿ Fixed ಒತ್ತಿ Aspect ratio ಆರಿಸಿ ಕೈಯಲ್ಲೇ ಎಳೆಯಬಹುದು. ಕಂಪ್ಯೂಟರಿನಲ್ಲಿ ಕಮಾಂಡ್ ಬರೆದು ಫೋಟೋ ಕತ್ತರಿಸುವ ಇಮೇಜ್‌ಮ್ಯಾಜಿಕ್ ಇದ್ದರೆ ಹೀಗೆ:

```
magick jenu.jpg -auto-orient -crop 3200x4000+440+567 +repage -resize 1080x1350 post.jpg
magick jenu.jpg -auto-orient -crop 3375x6000+344+0 +repage -resize 1080x1920 story.jpg
magick jenu.jpg -auto-orient -crop 1900x1900+1250+950 +repage -resize 640x640 dp.jpg
magick jenu.jpg -auto-orient -crop 4000x2250+0+1050 +repage -resize 1280x720 yt.jpg
```

`-auto-orient` ಬಿಡಬೇಡಿ. ಕ್ಯಾಮೆರಾ ಉದ್ದ ಫೋಟೋವನ್ನು ಅಡ್ಡವಾಗಿಯೇ ಉಳಿಸಿ "ತಿರುಗಿಸಿ ತೋರಿಸು" ಎಂಬ ಗುರುತು ಮಾತ್ರ ಹಾಕಿರುವುದುಂಟು. ಆಗ ನಿಮ್ಮ ಅಂಕಿಗಳು ಮುಖದ ಬದಲು ಅಡಿಕೆ ಮರ ಕತ್ತರಿಸಿ ಕೊಡುತ್ತವೆ.

ಫೇಸ್‌ಬುಕ್ ಕವರ್ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಉದ್ದ ಫೋಟೋದಿಂದ ಅದನ್ನು ಕತ್ತರಿಸಲು ಹೋಗಬೇಡಿ. ಕಂಪ್ಯೂಟರಿನಲ್ಲಿ ಅದು 820×312ರ ಪಟ್ಟಿ. 4000 ಅಗಲಕ್ಕೆ ಎತ್ತರ 1522 ಮಾತ್ರ, ಅದರಲ್ಲಿ ತಲೆಯೇ 1100. ತೋಟದ ಹಸಿರಿಗೆ ಹೊಂದುವ ಬಣ್ಣದ ಅಗಲವಾದ ಹಿನ್ನೆಲೆ ಮಾಡಿ ಅದರ ನಡುವೆ ಫೋಟೋ ಕೂರಿಸಿ. ಮೊಬೈಲಿನಲ್ಲಿ ಕವರ್‌ನ ಎರಡೂ ಪಕ್ಕ ಕತ್ತರಿಸಿ ತೋರಿಸುವುದರಿಂದ ಮುಖ ನಡುಭಾಗದಲ್ಲಿದ್ದರೆ ಒಳ್ಳೆಯದು.

ಫೋಟೋ ತೆಗೆದವರಿಂದ ಮೂಲ ಫೈಲನ್ನೇ ತರಿಸಿಕೊಳ್ಳಿ, ವಾಟ್ಸಾಪಿನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮಾಮೂಲಿ ಫೋಟೋ ಹಾಗೆ ಕಳಿಸಿದರೆ ಕುಗ್ಗಿ ಬರುತ್ತದೆ. ಅದರಿಂದ ಡಿಪಿಯ ಸಣ್ಣ ಚೌಕ ಕತ್ತರಿಸಿದರೆ ಮುಖ ಮಸುಕು.