ಸುಳಿವು ಗೊಣಗಾಟದಲ್ಲಿ ಅಡಗಿರುತ್ತದೆ

ಪ್ರಶ್ನೆ: "ಹಳೆಯ 'ಕೊಲೆಗಾರ ಯಾರು' ಸಿನಿಮಾಗಳಲ್ಲಿ ಸುಳಿವು ನಿಜವಾಗಿಯೂ ನಮ್ಮ ಕಣ್ಣೆದುರೇ ಇಟ್ಟಿರ್ತಾರಾ? ಕೂತಲ್ಲೇ ಪತ್ತೆ ಹಚ್ಚೋಕೆ ಯಾವುದನ್ನು ನೋಡಲಿ?"

ಒಳ್ಳೆಯ ಸಿನಿಮಾದಲ್ಲಿ ಇಟ್ಟಿರುತ್ತಾರೆ. ಇದನ್ನು ಪರೀಕ್ಷೆ ಮಾಡಿ ನೋಡಬೇಕು ಅಂದರೆ 1982ರ 'ಈವಿಲ್ ಅಂಡರ್ ದ ಸನ್' ಹಾಕಿಕೊಳ್ಳಿ. ಅಗಾಥಾ ಕ್ರಿಸ್ಟಿ ಕಾದಂಬರಿ, ಚಿತ್ರಕಥೆ ಆಂಥನಿ ಶಾಫರ್ ಅವರದು, ಪತ್ತೇದಾರ ಪೊಯಿರೊ ಆಗಿ ಪೀಟರ್ ಉಸ್ತಿನೋವ್. ನಾನು ಇದನ್ನು ನಾಲ್ಕು ಸಲ ನೋಡಿದ್ದೇನೆ. ಸುಳಿವನ್ನು ಪ್ರಾಮಾಣಿಕವಾಗಿ ಕೊಟ್ಟೂ ಮುಚ್ಚಿಡುವುದು ಹೇಗೆ ಅಂತ ನಾನು ಕಲಿತದ್ದೇ ಇದರಿಂದ. ಕೊಲೆಗಾರ ಯಾರು ಅಂತ ಹೇಳುವುದಿಲ್ಲ, ಧೈರ್ಯವಾಗಿ ಓದಿ.

ಕಥೆ ಇಷ್ಟೇ. ಒಂದು ದ್ವೀಪ, ಅದರಲ್ಲೊಂದು ಹೋಟೆಲು, ಕೈಬೆರಳಲ್ಲಿ ಎಣಿಸುವಷ್ಟು ಅತಿಥಿಗಳು. ಆರ್ಲೀನಾ ಅನ್ನುವ ನಟಿ ಒಂದು ಕೊಲ್ಲಿಯ ದಡದಲ್ಲಿ ಕೊಲೆಯಾಗುತ್ತಾಳೆ. ಮೊದಲ ಸಲ ನೋಡುವಾಗ ನಾವೆಲ್ಲ ಮಾಡುವ ತಪ್ಪು ಒಂದೇ: ಯಾರಿಗೆ ಅವಳ ಮೇಲೆ ದ್ವೇಷ ಅಂತ ಹುಡುಕುತ್ತಾ ಕೂರುತ್ತೇವೆ. ಆದರೆ ಇಲ್ಲಿ ದ್ವೇಷ ಎಲ್ಲರಿಗೂ ಇದೆ! ನಾಟಕ ನಿರ್ಮಾಪಕರಿಗೆ ಇದೆ, ಅವಳ ಜೀವನಚರಿತ್ರೆ ಬರೆದವನಿಗೆ ಇದೆ, ಗಂಡನಿಗೆ ಇದೆ, ಮಲಮಗಳಿಗೆ ಇದೆ, ವಜ್ರ ಕಳೆದುಕೊಂಡ ಸಿರಿವಂತನಿಗೂ ಇದೆ. ಎಲ್ಲರಿಗೂ ಇರುವ ಕಾರಣದಿಂದ ಒಬ್ಬರನ್ನೂ ಪಟ್ಟಿಯಿಂದ ಹೊಡೆದುಹಾಕಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಅದನ್ನು ಪಕ್ಕಕ್ಕಿಟ್ಟುಬಿಡಿ. ಉಳಿಯುವುದು ಎರಡೇ: ಯಾರು ಎಲ್ಲಿದ್ದರು, ಎಷ್ಟು ಹೊತ್ತಿಗೆ.

ಈಗ ಸುಳಿವು ಬರುವ ರೀತಿ ನೋಡಿ. ವಿಚಾರಣೆಯಲ್ಲಿ ಒಬ್ಬ, ತಾನು ಸಮುದ್ರದಲ್ಲಿ ಪೆಡಲ್ ದೋಣಿ ತುಳಿಯುತ್ತಿದ್ದಾಗ ಯಾರೋ ಮೇಲಿನಿಂದ ಬಾಟಲಿ ಎಸೆದರು, ಇನ್ನೇನು ತಲೆಗೆ ಬೀಳುತ್ತಿತ್ತು ಅಂತ ರೇಗುತ್ತಾನೆ. ಇನ್ನೊಬ್ಬ, ಕೈ ತೊಳೆಯಲು ಹೋದರೆ ನಲ್ಲಿಯಲ್ಲಿ ನೀರೇ ಸರಿಯಾಗಿ ಬರಲಿಲ್ಲ, ಯಾರೋ ಸ್ನಾನಕ್ಕೆ ನೀರು ಬಿಟ್ಟುಕೊಂಡಿದ್ದರು ಅಂತ ಗೊಣಗುತ್ತಾನೆ. ಎರಡೂ ನಗು ಬರುವ ಮಾತುಗಳು. ಇವರೇ ಸಿಡುಕು ಸ್ವಭಾವದವರು ಅಂದುಕೊಂಡು ನಾವು ಮುಂದಕ್ಕೆ ಹೋಗಿಬಿಡುತ್ತೇವೆ. ಕೈಚಳಕ ಇರುವುದು ಇಲ್ಲೇ. ಸುಳಿವನ್ನು ಕತ್ತಲಲ್ಲಿ ಇಡುವುದಿಲ್ಲ, ಅವಸರದಲ್ಲಿ ತೋರಿಸಿ ಮಾಯ ಮಾಡುವುದಿಲ್ಲ. ನಾವು ಬೇರೆ ಯಾವುದಕ್ಕೋ ನಗುತ್ತಿರುವ ಹೊತ್ತಿನಲ್ಲಿ ಸ್ಪಷ್ಟವಾಗಿ, ಜೋರಾಗಿ ಹೇಳಿಬಿಡುತ್ತಾರೆ.

ಆ ಸ್ನಾನದ ವಿಷಯವನ್ನೇ ಸ್ವಲ್ಪ ಹಿಂಜಿ ನೋಡೋಣ. ಪೊಯಿರೊ ಒಬ್ಬೊಬ್ಬರನ್ನೇ ಕೇಳುತ್ತಾರೆ, ಆ ಹೊತ್ತಿಗೆ ಸ್ನಾನ ಮಾಡಿದವರು ಯಾರು ಅಂತ. ಒಬ್ಬರೂ ಒಪ್ಪುವುದಿಲ್ಲ. ಸ್ನಾನ ಮಾಡುವುದು ತಪ್ಪೇನಲ್ಲ, ಅದಕ್ಕೆ ಸುಳ್ಳು ಹೇಳುವವರು ಯಾರೂ ಇಲ್ಲ. ಹಾಗಾದರೆ ಸುಳ್ಳು ಯಾಕೆ? ನೀರು ಹರಿದದ್ದಂತೂ ನಿಜ, ಯಾಕೆಂದರೆ ಅದನ್ನು ಹೇಳಿದವನಿಗೆ ಅದು ಬರೀ ಕಿರಿಕಿರಿ, ಅದರಿಂದ ಅವನಿಗೆ ಯಾವ ಲಾಭವೂ ಇಲ್ಲ. ಅಂದರೆ ಯಾರೋ ಒಬ್ಬರಿಗೆ ಆ ಗಳಿಗೆಯಲ್ಲಿ ಏನನ್ನೋ ಮೈಯಿಂದ ತೊಳೆದುಕೊಳ್ಳಲೇಬೇಕಿತ್ತು. ಏನದು? ಈ ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಂಡರೆ, ಬಾಟಲಿಯಲ್ಲಿ ಏನಿತ್ತು, ಅದನ್ನು ಸಮುದ್ರಕ್ಕೆ ಯಾಕೆ ಎಸೆದರು ಅನ್ನುವುದೂ ಜೊತೆಗೇ ಬಿಚ್ಚಿಕೊಳ್ಳುತ್ತದೆ. ಎರಡು ಗೊಣಗಾಟಗಳು ಒಂದೇ ಉತ್ತರಕ್ಕೆ ಬಂದು ಸೇರುತ್ತವೆ. ಮೊದಲ ಸಲ ಇದು ಹೊಳೆದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ, ಸಿನಿಮಾ ನಿಲ್ಲಿಸಿ ಅಕ್ಕನನ್ನು ಎಬ್ಬಿಸಿ ಹೇಳಿದ್ದೆ.

ಸಮಯದ ಸುಳಿವೂ ಇಷ್ಟೇ ಪ್ರಾಮಾಣಿಕ. ಅಲ್ಲಿ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಒಂದು ತೋಪು ಹಾರಿಸುತ್ತಾರೆ. ಜನರ ಕೈಯಲ್ಲಿ ಗಡಿಯಾರಗಳೂ ಇವೆ. ಇವೆರಡರಲ್ಲಿ ಯಾವುದನ್ನು ನಂಬುತ್ತೀರಿ? ಕೈಗಡಿಯಾರದ ಮುಳ್ಳನ್ನು ಯಾರು ಬೇಕಾದರೂ ತಿರುಗಿಸಬಹುದು, ತೋಪನ್ನು ತಿರುಗಿಸಲು ಆಗುವುದಿಲ್ಲ. ಯಾರಾದರೂ ಸಮಯ ಹೇಳಿದಾಗ ಅದು ಅವರಿಗೆ ಗೊತ್ತಾದದ್ದು ಹೇಗೆ ಅಂತ ಬರೆದುಕೊಳ್ಳಿ: ತೋಪು ಕೇಳಿಯೋ, ಗಡಿಯಾರ ನೋಡಿಯೋ, ಇನ್ನೊಬ್ಬರು ಹೇಳಿದ್ದರಿಂದಲೋ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿಯಿತು. ಪೊಯಿರೊ ತಮಗೆ ಸಿಕ್ಕಿದ್ದನ್ನು ತಾವೇ ಪಟ್ಟಿ ಮಾಡಿಯೂ ಕೊಡುತ್ತಾರೆ: ಈಜುವಾಗ ಹಾಕುವ ಟೋಪಿ, ಸ್ನಾನ, ಬಾಟಲಿ, ಕೈಗಡಿಯಾರ, ವಜ್ರ, ಮಧ್ಯಾಹ್ನದ ತೋಪು, ಸಮುದ್ರದ ಉಸಿರು, ಬಂಡೆಯ ಎತ್ತರ. ಎಂಟೂ ಅಷ್ಟು ಹೊತ್ತಿಗೆ ನಾವು ನೋಡಿದವೇ, ಕೇಳಿದವೇ.

ಇನ್ನೊಂದು ವಿಷಯ ಹೇಳಲೇಬೇಕು, ಇಲ್ಲಿ ಬಹಳ ಜನ ಎಡವುತ್ತಾರೆ. ಕ್ಯಾಮೆರಾ ತಾನಾಗಿ ತೋರಿಸಿದ್ದು ಬೇರೆ, ಯಾರೋ ಮಾತಾಡುತ್ತಿರುವಾಗ ಪರದೆ ಮೇಲೆ ಬರುವ ಚಿತ್ರ ಬೇರೆ. ಎರಡನೆಯದು ಬರೀ ಹೇಳಿಕೆ ಅಷ್ಟೇ. 1978ರ 'ಡೆತ್ ಆನ್ ದ ನೈಲ್' ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಪೊಯಿರೊ ಒಬ್ಬೊಬ್ಬರ ಮೇಲೂ ಅನುಮಾನ ಹೇಳುವಾಗ ಅವರೇ ಕೊಲೆ ಮಾಡಿದಂತೆ ದೃಶ್ಯ ಬರುತ್ತದೆ, ಎಲ್ಲವೂ ನಿಜ ಆಗಿರಲು ಸಾಧ್ಯವೇ ಇಲ್ಲ. ಇದೇ ಗೆರೆಯ ಮೇಲೆ ಹಿಚ್‌ಕಾಕ್ ಕೂಡ ಒಮ್ಮೆ ಕಷ್ಟಕ್ಕೆ ಸಿಕ್ಕಿಕೊಂಡರು. 1950ರ 'ಸ್ಟೇಜ್ ಫ್ರೈಟ್' ಇನ್ನೂ ನೋಡಿಲ್ಲದಿದ್ದರೆ ಈ ಪ್ಯಾರಾದ ಉಳಿದದ್ದನ್ನು ಬಿಟ್ಟುಬಿಡಿ. ಅದರ ಶುರುವಿನಲ್ಲೇ ಒಬ್ಬ ಹೇಳುವ ಹಿಂದಿನ ಕಥೆ ದೃಶ್ಯವಾಗಿ ಬರುತ್ತದೆ, ಕೊನೆಗೆ ಅದೇ ಸುಳ್ಳು ಅಂತ ಗೊತ್ತಾಗುತ್ತದೆ. ಹಾಗೆ ಮಾಡಬಾರದಿತ್ತು ಅಂತ ಅವರೇ ಆಮೇಲೆ ಫ್ರೆಂಚ್ ನಿರ್ದೇಶಕ ತ್ರುಫೋ ಜೊತೆಗಿನ ಸಂದರ್ಶನದಲ್ಲಿ ಒಪ್ಪಿಕೊಂಡರು. ನನ್ನ ಲೆಕ್ಕದಲ್ಲಿ ಅದು ಮೋಸ ಅಲ್ಲ, ಯಾಕೆಂದರೆ ಅದು ಅವನ ಬಾಯಿಂದ ಬಂದ ಮಾತು. ಆದರೆ ಅನುಮಾನಪಡಲು ಒಂದೇ ಒಂದು ಸಣ್ಣ ಎಳೆಯನ್ನಾದರೂ ಆ ದೃಶ್ಯದಲ್ಲೇ ಬಿಟ್ಟಿದ್ದರೆ ಯಾರೂ ದೂರುತ್ತಿರಲಿಲ್ಲ.

ಮುಂದೆ ಏನು ನೋಡಲಿ ಅಂದರೆ, 1973ರ 'ದ ಲಾಸ್ಟ್ ಆಫ್ ಶೀಲಾ'. ಸ್ಟೀಫನ್ ಸೋಂಡ್‌ಹೈಮ್ ಮತ್ತು ಆಂಥನಿ ಪರ್ಕಿನ್ಸ್ ಸೇರಿ ಬರೆದದ್ದು. ಇಬ್ಬರೂ ಗೆಳೆಯರಿಗಾಗಿ ನಿಜವಾಗಿಯೂ ಒಗಟಿನ ಆಟಗಳನ್ನು ಕಟ್ಟುತ್ತಿದ್ದವರು, ಅದು ಕಥೆಯಲ್ಲಿ ಕಾಣುತ್ತದೆ. ಶುರುವಿನಲ್ಲಿ ಹಡಗಿನ ಹೆಸರಿನ ಕೆಳಗೆ ಅತಿಥಿಗಳನ್ನು ನಿಲ್ಲಿಸಿ ಒಂದು ಫೋಟೋ ತೆಗೆಯುತ್ತಾರೆ. ಅಲ್ಲಿ ನಿಲ್ಲಿಸಿ, ಯಾರು ಎಲ್ಲಿ ನಿಂತಿದ್ದಾರೆ ಅಂತ ಬರೆದಿಟ್ಟುಕೊಳ್ಳಿ. ಇದಕ್ಕಿಂತ ಜಾಸ್ತಿ ಹೇಳಿದರೆ ನಿಮಗೆ ಅನ್ಯಾಯ. ಅದಾದ ಮೇಲೆ 1946ರ 'ಗ್ರೀನ್ ಫಾರ್ ಡೇಂಜರ್'. ಯುದ್ಧಕಾಲದ ಆಸ್ಪತ್ರೆ, ಆಪರೇಷನ್ ಟೇಬಲ್ ಮೇಲೆ ಒಬ್ಬ ಪೋಸ್ಟ್‌ಮ್ಯಾನ್ ಸಾಯುತ್ತಾನೆ. ಸಿನಿಮಾ ಕಪ್ಪು ಬಿಳುಪು, ಹೆಸರಲ್ಲಿ ಮಾತ್ರ ಬಣ್ಣ ಇದೆ. ಹಾಗಾಗಿ ಯಾರ ಬಾಯಲ್ಲಾದರೂ ಬಣ್ಣದ ಮಾತು ಬಂದರೆ ಕಿವಿ ನೆಟ್ಟಗೆ ಮಾಡಿಕೊಳ್ಳಿ.

ಮೊದಲು 'ಈವಿಲ್ ಅಂಡರ್ ದ ಸನ್' ಹಾಕಿ. ಪೊಯಿರೊ ಎಲ್ಲರನ್ನೂ ಒಂದೆಡೆ ಕೂರಿಸುತ್ತಾರಲ್ಲ, ಆ ದೃಶ್ಯದಲ್ಲಿ ನಿಲ್ಲಿಸಿ. ಎಂಟು ವಸ್ತುಗಳ ಹೆಸರು ಬರೆದು, ಒಂದೊಂದರ ಎದುರೂ "ಇದು ಇಲ್ಲಿ ಯಾಕೆ ಬಂತು" ಅಂತ ಒಂದು ಸಾಲು ತುಂಬಿಸಿ. ಬರೀ ಕೊಲೆಗಾರನ ಹೆಸರು ಊಹಿಸಿದರೆ ಸಾಲದು, ಎಂಟಕ್ಕೂ ಉತ್ತರ ಕೂಡಿಬಂದರೆ ಮಾತ್ರ ನೀವು ಗೆದ್ದ ಹಾಗೆ. ನನಗೆ ಆರು ಸಿಕ್ಕಿತ್ತು, ಟೋಪಿ ಮತ್ತು ಗಡಿಯಾರ ಕೈಕೊಟ್ಟವು.