ಪೋಸ್ಟ್‌ಬ್ಯಾಕ್ ಬಂದ ದಿನ, ಇನ್‌ಸ್ಟಾಲ್ ಆದ ದಿನ ಅಲ್ಲ

ಪ್ರಶ್ನೆ: ಐಫೋನ್‌ಗೆ ಕ್ಯಾಂಪೇನ್ ಶುರು ಮಾಡಿದ್ದೇನೆ. ಡೇಟಾ ತಡವಾಗಿ ಬರುತ್ತೆ, ಬಂದರೂ ಅರ್ಧಕ್ಕರ್ಧ ಖಾಲಿ. ದಿನಾ ಬಜೆಟ್ ಹೊಂದಿಸೋಕೆ ಆಗ್ತಿಲ್ಲ. ಬೇರೆ ಟ್ರ್ಯಾಕಿಂಗ್ ಟೂಲ್‌ಗೆ ಹೋದ್ರೆ ಬೇಗ ಸಿಗುತ್ತಾ?

ಸಿಗಲ್ಲ. ಟೂಲ್‌ಗೆ ದುಡ್ಡು ಹಾಕಬೇಡಿ. ತಡ ಮಾಡ್ತಿರೋದು ಟೂಲ್ ಅಲ್ಲ, ಫೋನೇ. ಯಾವ ಕಂಪನಿಯ ಡ್ಯಾಶ್‌ಬೋರ್ಡ್ ತಗೊಂಡರೂ ಅದಕ್ಕೆ ಬರೋದು ಆ್ಯಪಲ್ ಬಿಟ್ಟುಕೊಟ್ಟ ಅದೇ ಪೋಸ್ಟ್‌ಬ್ಯಾಕ್, ಅಂದರೆ ಜಾಹೀರಾತಿನಿಂದ ಇನ್‌ಸ್ಟಾಲ್ ಆಯಿತು ಅಂತ ಫೋನು ಕಳಿಸೋ ಸುದ್ದಿ. ಇನ್ನು ದಿನಾ ಬಜೆಟ್ ಹೊಂದಿಸೋ ಆಸೆ ಇದೆಯಲ್ಲ, ನಮಗೆ ಹೊಡೆತ ಕೊಟ್ಟಿದ್ದು ಅದೇ.

ನಾವು ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಕೂತು ಅಮೆರಿಕದಲ್ಲಿರೋ ಕನ್ನಡ ಮನೆಗಳ ಮಕ್ಕಳಿಗೆ ಕನ್ನಡ ಕಲಿಸೋ ಆ್ಯಪ್ ಮಾಡ್ತಿದ್ದೆವು. ಗಿರಾಕಿಗಳಲ್ಲಿ ಐಫೋನ್‌ನವರೇ ಜಾಸ್ತಿ. ರಾಜ್ಯೋತ್ಸವದ ಹೊತ್ತಿಗೆ ಒಂದು ಕ್ಯಾಂಪೇನ್ ಹಾಕಿದೆವು. ಗುರುವಾರ ಶುರು. ವಿಡಿಯೋದಲ್ಲಿ ಅಜ್ಜಿ ಫೋನಿನಲ್ಲಿ ಮೊಮ್ಮಗಳಿಗೆ ಕಥೆ ಹೇಳ್ತಾಳೆ. ಶನಿವಾರ ರಾತ್ರಿ ನೋಡಿದರೆ ಡ್ಯಾಶ್‌ಬೋರ್ಡ್‌ನಲ್ಲಿ ಸೊನ್ನೆ. ಜಾಹೀರಾತು ನೋಡ್ತಿದ್ದ ಹುಡುಗ, "ಅಣ್ಣಾರ, ಇದು ಓಡಂಗಿಲ್ಲ ಬಿಡ್ರಿ, ತಗದು ಬ್ಯಾರೆ ಹಾಕೋಣ್ರಿ" ಅಂದ. ನನಗೂ ಸರಿ ಅನ್ನಿಸಿತು. ಅದೇ ಕ್ಯಾಂಪೇನ್‌ನಲ್ಲಿ ಅಜ್ಜಿಯನ್ನು ತೆಗೆದು ಅಕ್ಷರಮಾಲೆಯ ಕಾರ್ಟೂನ್ ಹಾಕಿದೆವು. ಭಾನುವಾರ ಇನ್‌ಸ್ಟಾಲ್ ಕಾಣಿಸಿಕೊಂಡವು. ಸೋಮವಾರ ಏರಿದವು, ಮಂಗಳವಾರ ಇನ್ನೂ ಏರಿದವು. ಕಾರ್ಟೂನ್ ಗೆದ್ದಿತು ಅಂತ ಮಂಗಳವಾರವೇ ಬಜೆಟ್ ಎರಡು ಪಟ್ಟು ಮಾಡಿದೆವು. ಗುರುವಾರದಿಂದ ನೆಲ ಕಚ್ಚಿತು. ಹಬ್ಬ ಮುಗೀತಲ್ಲ, ಅದಕ್ಕೇ ಅಂದುಕೊಂಡು ದುಡ್ಡು ಸುರಿಯುತ್ತಲೇ ಹೋದೆವು.

ಏನಾಗಿತ್ತು ಅಂತ ಬಿಡಿಸಿ ಹೇಳ್ತೀನಿ, ಏಕೆಂದರೆ ನಿಮ್ಮಲ್ಲೂ ಇದೇ ನಡೀತಿರಬಹುದು. ಯಾವ ಜಾಹೀರಾತಿನಿಂದ ಇನ್‌ಸ್ಟಾಲ್ ಆಯಿತು ಅಂತ ತಿಳಿಸೋ ಆ್ಯಪಲ್‌ನ ವ್ಯವಸ್ಥೆ ಎಸ್‌ಕೆಆ್ಯಡ್‌ನೆಟ್‌ವರ್ಕ್. ಅದರ 4ನೇ ಆವೃತ್ತಿಯಲ್ಲಿ ಬಳಕೆದಾರ ಆ್ಯಪನ್ನು ಮೊದಲ ಸಲ ತೆರೆದಾಗ ಗಡಿಯಾರ ಶುರುವಾಗುತ್ತೆ. ಬಳಕೆದಾರ ಏನು ಮಾಡ್ತಾನೆ ಅಂತ ಗಮನಿಸೋ ಮೊದಲ ಕಿಟಕಿ 2 ದಿನ. ಅದು ಮುಚ್ಚಿದ ಮೇಲೆ ಫೋನು ಬೇಕಂತಲೇ 24ರಿಂದ 48 ಗಂಟೆ ತಡೆಹಿಡಿದು, ಆಮೇಲೆ ಪೋಸ್ಟ್‌ಬ್ಯಾಕ್ ಕಳಿಸುತ್ತೆ. ಅಂದರೆ ತೆರೆದ ಕ್ಷಣದಿಂದ 3–4 ದಿನ. ಗುರುವಾರ ಬೆಳಿಗ್ಗೆ 10ಕ್ಕೆ ಆ್ಯಪ್ ತೆರೆದವರ ಸುದ್ದಿ ಭಾನುವಾರ ಬೆಳಿಗ್ಗೆ 10ರಿಂದ ಸೋಮವಾರ ಬೆಳಿಗ್ಗೆ 10ರ ನಡುವೆ ಯಾವಾಗಲೋ ಬರುತ್ತೆ. ಹಾಗಾದರೆ ಶನಿವಾರ ರಾತ್ರಿ ಸೊನ್ನೆ ಇರಲೇಬೇಕಿತ್ತು, ಅಲ್ವಾ? ಜಾಹೀರಾತು ಎಷ್ಟೇ ಚೆನ್ನಾಗಿ ಓಡಿದ್ದರೂ ಅಷ್ಟೇ. ಭಾನುವಾರ, ಸೋಮವಾರ, ಮಂಗಳವಾರ ಬಂದವೆಲ್ಲ ಅಜ್ಜಿಯ ಇನ್‌ಸ್ಟಾಲ್‌ಗಳು. ಬುಧವಾರದ್ದು ಎರಡೂ ಕಲಸಿದ್ದು. ಕಾರ್ಟೂನಿನದು ಅಂತ ಗಟ್ಟಿಯಾಗಿ ಹೇಳಬಹುದಾದ ಮೊದಲ ದಿನವೇ ಗುರುವಾರ. ನಾವು ಅಜ್ಜಿಯನ್ನು ಕಿತ್ತು, ಅವಳ ಗಳಿಕೆಯನ್ನು ಕಾರ್ಟೂನಿನ ಖಾತೆಗೆ ಬರೆದು, ಅದಕ್ಕೇ ಎರಡು ಪಟ್ಟು ದುಡ್ಡು ಕೊಟ್ಟಿದ್ದೆವು. ಆ ತಿಂಗಳ ಜಾಹೀರಾತಿನ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೇ ಹೋಯಿತು.

ಇದನ್ನು ಪೋಸ್ಟ್‌ಬ್ಯಾಕ್ ನೋಡಿ ಹಿಡಿಯೋಕೂ ಆಗಲ್ಲ. ಮುಖ್ಯ ಭಾಗ ಹೀಗಿರುತ್ತೆ:

```json
{
  "version": "4.0",
  "source-identifier": "39",
  "postback-sequence-index": 0,
  "did-win": true
}
```

ಇದರಲ್ಲಿ ಇನ್‌ಸ್ಟಾಲ್ ತಾರೀಖು ಎಲ್ಲಿದೆ? ಇಲ್ಲವೇ ಇಲ್ಲ. ನಿಮಗೆ ಗೊತ್ತಾಗೋ ಒಂದೇ ಸಮಯ ಅಂದರೆ ಅದು ನಿಮ್ಮ ಸರ್ವರ್‌ಗೆ ಬಂದು ತಲುಪಿದ ಸಮಯ. ಕೆಲವು ಡ್ಯಾಶ್‌ಬೋರ್ಡ್‌ಗಳು ಬಂದ ದಿನವನ್ನೇ ತೋರಿಸುತ್ತವೆ, ಕೆಲವು ಅಂದಾಜಿನಲ್ಲಿ ಹಿಂದಕ್ಕೆ ಸರಿಸಿ ತೋರಿಸುತ್ತವೆ. ನಿಮ್ಮದು ಯಾವುದು ಅಂತ ಅವರನ್ನು ಕೇಳಿ, ಇವತ್ತೇ ಕೇಳಿ. ಇನ್ನೂ ಒಳ್ಳೆಯದು ಅಂದರೆ ಆ್ಯಪಿನ `Info.plist`ನಲ್ಲಿ `NSAdvertisingAttributionReportEndpoint` ಹಾಕಿ, ಇನ್‌ಸ್ಟಾಲ್‌ನ ಶ್ರೇಯ ಗೆದ್ದ ಪೋಸ್ಟ್‌ಬ್ಯಾಕ್‌ಗಳ ನಕಲನ್ನು ನಿಮ್ಮ ಸರ್ವರ್‌ಗೇ ತರಿಸಿಕೊಳ್ಳಿ. `version` ಕೂಡ ನೋಡಿ. 3.0 ಇದ್ದರೆ ನನ್ನ ಲೆಕ್ಕ ಹೊಂದಲ್ಲ. ಅಲ್ಲಿ 24 ಗಂಟೆಯ ಟೈಮರ್, ಬಳಕೆದಾರ ಏನು ಮಾಡಿದ ಅಂತ ಆ್ಯಪ್ ಹಾಕೋ ಮೌಲ್ಯ ಏರಿದಾಗಲೆಲ್ಲ ಮತ್ತೆ ಮೊದಲಿನಿಂದ ಶುರುವಾಗುತ್ತೆ, ಮುಗಿದ ಮೇಲೆ 24 ಗಂಟೆಯೊಳಗೆ ಯಾವಾಗಲೋ ಬರುತ್ತೆ.

4ರಲ್ಲೂ ಒಂದು ಸಿಕ್ಕು ಇದೆ. ಕಿಟಕಿಯನ್ನು ಬೇಗ ಮುಚ್ಚಿಸೋಕೆ `lockWindow` ಅಂತ ಇದೆ, ಆಗ 24–48 ಗಂಟೆಯ ಎಣಿಕೆ ಅಲ್ಲಿಂದಲೇ ಶುರು. ಡೇಟಾ ಬೇಗ ಬರಲಿ ಅಂತ ಇದನ್ನು ಟ್ರಯಲ್ ಶುರು ಮಾಡಿದವರಿಗಷ್ಟೇ ಹಾಕೋ ತಪ್ಪು ಮಾಡಬೇಡಿ. ಒಳ್ಳೆಯ ಗಿರಾಕಿಗಳ ಸುದ್ದಿ ಮೊದಲು ಬಂದು ಉಳಿದವರದ್ದು ಆಮೇಲೆ ಬರುತ್ತೆ. ಕ್ಯಾಂಪೇನ್ ಮೊದಲ ದಿನಗಳಲ್ಲಿ ಸುಮ್ನೆ ಹೊಳೆಯುತ್ತೆ.

ಈಗ ಆ ಖಾಲಿ ವಿಷಯ. ಮೇಲಿನ ತುಣುಕಿನಲ್ಲಿ `conversion-value` ಇಲ್ಲ, `coarse-conversion-value` ಕೂಡ ಇಲ್ಲ. ಹಾಗಂತ ಬಳಕೆದಾರ ಏನೂ ಮಾಡಲಿಲ್ಲ ಅಂತಲ್ಲ. ಆ ಗುಂಪಿನಲ್ಲಿ ಜನ ಕಡಿಮೆ ಇದ್ದರು, ಯಾರು ಅಂತ ಗೊತ್ತಾಗಿಬಿಡುತ್ತೆ ಅಂತ ಆ್ಯಪಲ್ ಮುಚ್ಚಿಟ್ಟಿದೆ. ನಾವು ಆ್ಯಪ್ ತೆರೆದ ಕೂಡಲೇ `low`, ಒಂದು ಪಾಠ ಮುಗಿಸಿದರೆ `medium`, ಟ್ರಯಲ್ ಶುರು ಮಾಡಿದರೆ `high` ಅಂತ ಇಟ್ಟಿದ್ದೆವು. ತೆರೆದ ತಕ್ಷಣವೇ `low` ಹಾಕಿದ್ದರಿಂದ ಖಾಲಿ ಬಂದರೆ ಅದು ಮುಚ್ಚಿಟ್ಟಿದ್ದು ಅಂತಲೇ ಲೆಕ್ಕ.

ಉದಾಹರಣೆಗೆ 200 ಪೋಸ್ಟ್‌ಬ್ಯಾಕ್ ಬಂದವು ಅನ್ನಿ. 120 ಖಾಲಿ, 80ಕ್ಕೆ ಮೌಲ್ಯ ಇದೆ, ಅದರಲ್ಲಿ `high` 12. ಖಾಲಿಯನ್ನು ಸೊನ್ನೆ ಅಂತ ಹಿಡಿದರೆ 200ಕ್ಕೆ 12, ನೂರಕ್ಕೆ 6. ಮೌಲ್ಯ ಬಂದವರನ್ನಷ್ಟೇ ಹಿಡಿದರೆ 80ಕ್ಕೆ 12, ನೂರಕ್ಕೆ 15. ಒಂದೇ ಕ್ಯಾಂಪೇನ್, ಒಂದು ಲೆಕ್ಕದಲ್ಲಿ ಮುಚ್ಚಬೇಕು, ಇನ್ನೊಂದರಲ್ಲಿ ಬೆಳೆಸಬೇಕು. 15 ಅನ್ನೋದೂ ಖಾಲಿಯವರು ಉಳಿದವರ ಥರಾನೇ ಇದ್ದಾರೆ ಅನ್ನೋ ಊಹೆ ಅಷ್ಟೇ. ಇಷ್ಟೊಂದು ಖಾಲಿ ಇರುವಾಗ ಎರಡು ಕ್ಯಾಂಪೇನ್‌ಗಳನ್ನು ಪಕ್ಕ ಇಟ್ಟು ಹೋಲಿಸಲೇಬೇಡಿ.

ಖಾಲಿ ಕಡಿಮೆ ಮಾಡೋ ದಾರಿ ಒಂದೇ: ಕ್ಯಾಂಪೇನ್‌ಗಳನ್ನು ಕೂಡಿಸೋದು. ಸಣ್ಣ ಬಜೆಟ್ಟನ್ನು ದೇಶಕ್ಕೊಂದು, ವಿಡಿಯೋಗೊಂದು ಅಂತ ಹರಿದು ಹಂಚಿದರೆ ಪ್ರತಿ ಗುಂಪೂ ಬಡವಾಗುತ್ತೆ, ಎಲ್ಲವೂ ಖಾಲಿ ಬರುತ್ತೆ. ಎಷ್ಟು ಜನ ಇದ್ದರೆ ಸಾಕು ಅನ್ನೋ ಸಂಖ್ಯೆಯನ್ನು ಆ್ಯಪಲ್ ಹೇಳಿಲ್ಲ. ಹಾಗಾಗಿ ಕೂಡಿಸುತ್ತಾ, ಖಾಲಿಯ ಪಾಲು ಇಳಿಯುತ್ತಾ ಅಂತ ನೋಡಬೇಕು. ಜೊತೆಗೆ, ಜನ ಕಡಿಮೆ ಇದ್ದಾಗ `source-identifier` ಅನ್ನೋ ನಾಲ್ಕು ಅಂಕಿಯ ಗುರುತಿನಲ್ಲಿ ಕೊನೆಯ ಎರಡೇ ಬರುತ್ತವೆ. 5239 ಕಳಿಸಿದರೆ 39 ಮಾತ್ರ. ನಿಮಗೆ ತೀರಾ ಬೇಕಾದ ಮಾಹಿತಿ ಆ ಕೊನೆಯ ಎರಡರಲ್ಲೇ ಇರಲಿ. ನಮ್ಮದರಲ್ಲಿ ಅಜ್ಜಿಗೂ ಕಾರ್ಟೂನಿಗೂ ಒಂದೇ 39 ಇತ್ತು. ವಿಡಿಯೋ ಬದಲಿಸುವಾಗ ಗುರುತೂ ಬದಲಾಗಿದ್ದಿದ್ದರೆ ಭಾನುವಾರವೇ ಗೊತ್ತಾಗುತ್ತಿತ್ತು.

ದಿನಾ ನೋಡಲೇಬೇಕು ಅಂದರೆ ನಿಮ್ಮ ಸರ್ವರ್ ನೋಡಿ. ಇವತ್ತು ಎಷ್ಟು ಟ್ರಯಲ್ ಶುರುವಾದವು ಅಂತ ಅದು ಇವತ್ತೇ ಹೇಳುತ್ತೆ, ಯಾವ ಜಾಹೀರಾತಿನಿಂದ ಅಂತ ಮಾತ್ರ ಹೇಳಲ್ಲ. ಒಟ್ಟು ಖರ್ಚಿನ ಎದುರು ಒಟ್ಟು ಟ್ರಯಲ್ ಇಟ್ಟು ನೋಡಿದರೆ ಏನೋ ಮುರಿದಿದೆಯಾ ಅಂತ ತಿಳಿಯೋಕೆ ಸಾಕು. ಬಜೆಟ್ ಮುಟ್ಟೋದು ವಾರಕ್ಕೊಮ್ಮೆ. ಏನೇ ಬದಲಿಸಿದರೂ ದಿನ, ಗಂಟೆ ಬರೆದಿಡಿ. ಬದಲಾವಣೆಯ ನಂತರದ ಮೊದಲ 4 ದಿನಗಳ ಪೋಸ್ಟ್‌ಬ್ಯಾಕ್‌ಗಳನ್ನು ಹೊಸದರ ಲೆಕ್ಕಕ್ಕೆ ಸೇರಿಸಬೇಡಿ. ಬರೆಯುವಾಗ ಭಾರತದ ಗಂಟೆ ಮತ್ತು ಯುಟಿಸಿ ಬೆರೆಸಬೇಡಿ, ಐದೂವರೆ ಗಂಟೆಯ ವ್ಯತ್ಯಾಸದಲ್ಲಿ ದಿನವೇ ಬದಲಾಗುತ್ತೆ.

ಹಣ ಕಟ್ಟಿದವರ ಲೆಕ್ಕಕ್ಕಂತೂ ಇನ್ನೂ ಕಾಯಬೇಕು. ಎರಡನೇ ಕಿಟಕಿ 7ನೇ ದಿನಕ್ಕೆ ಮುಚ್ಚುತ್ತೆ, ಸುದ್ದಿ 8ರಿಂದ 13ನೇ ದಿನದೊಳಗೆ ಬರುತ್ತೆ. ಮೂರನೆಯದು 35ಕ್ಕೆ ಮುಚ್ಚುತ್ತೆ, 36ರಿಂದ 41ರೊಳಗೆ ಬರುತ್ತೆ. ಮೊದಲನೆಯದೇ ಖಾಲಿಯಾಗುವಷ್ಟು ಗುಂಪು ಸಣ್ಣದಾಗಿದ್ದರೆ ಇವೆರಡೂ ಬರೋದೇ ಇಲ್ಲ. ನಿಮ್ಮ ಟ್ರಯಲ್ 7 ದಿನದ್ದಾ? ಹಾಗಾದರೆ ಹಣ ಕಡಿತ ಆಗೋದು ಸರಿಯಾಗಿ ಎರಡನೇ ಕಿಟಕಿಯ ಅಂಚಿನಲ್ಲಿ, ಆಮೇಲೆ ಬಳಕೆದಾರ ಆ್ಯಪ್ ತೆರೆದರೆ ಮಾತ್ರ ಮೌಲ್ಯ ಬದಲಾಗುತ್ತೆ. ನಾವು ಟ್ರಯಲನ್ನು 3 ದಿನಕ್ಕೆ ಇಳಿಸಿದ ಮೇಲೆ ಹಣ ಕಟ್ಟಿದವರು ಎರಡನೇ ಪೋಸ್ಟ್‌ಬ್ಯಾಕ್‌ನಲ್ಲೇ ಕಾಣಿಸತೊಡಗಿದರು.