ಬ್ಯಾನ್ ಪಟ್ಟಿ ಎಷ್ಟು ಉದ್ದ ಇರಬೇಕು?

"ಫ್ರೀಲಾನ್ಸ್ ಬರಹಗಾರರಿಗೆ ಬ್ರ್ಯಾಂಡ್ ವಾಯ್ಸ್ ಗೈಡ್ ಮಾಡ್ತಿದ್ದೀನಿ. ಬಳಸಬಾರದ ಪದಗಳು ಎಷ್ಟಿರಬೇಕು? ಅಪ್ರೂವಲ್‌ಗೆ ಎಷ್ಟು ಜನ ಬೇಕು?"

ನಾನು 60 ಪದ ಹಾಕಿದ್ದೆ. ಕೆಟ್ಟದ್ದು ಅಲ್ಲಿಂದಲೇ ಶುರುವಾಯಿತು.

ಗಾಣದ ಎಣ್ಣೆ ಮಾರುವ ಒಂದು ಸಣ್ಣ ಕಂಪನಿಗೆ ಕಂಟೆಂಟ್ ನೋಡಿಕೊಳ್ಳುತ್ತಿದ್ದೆ, ನಾಲ್ಕು ಜನ ಹೊರಗಿನಿಂದ ಬರೆದುಕೊಡುತ್ತಿದ್ದರು. ಪಟ್ಟಿಯಲ್ಲಿ "ಶುದ್ಧ" ಇತ್ತು. ಯಾಕೆ ಬೇಡ ಅಂತ ಬರೆದಿರಲಿಲ್ಲ. ಒಬ್ಬ ಬರಹಗಾರ್ತಿ ಅದನ್ನು ಸವೆದ ಪದ ಅಂದುಕೊಂಡು, ಒಳ್ಳೆಯ ಬರಹಗಾರರು ಮಾಡುವುದನ್ನೇ ಮಾಡಿದರು: "ಅಪ್ಪಟ ಎಣ್ಣೆ, ನಿಮ್ಮ ಹೃದಯಕ್ಕೆ ಕಾವಲು" ಅಂತ ಬರೆದರು. ಪಟ್ಟಿಯ ಒಂದು ಪದವೂ ಅದರಲ್ಲಿ ಇಲ್ಲ! ನನಗೂ ಚೆನ್ನಾಗಿ ಕಂಡಿತು. ಕರಪತ್ರ ಪ್ರಿಂಟ್ ಆದ ಮೇಲೆ ಲೈಸೆನ್ಸ್ ನೋಡಿಕೊಳ್ಳುವವರು ಓದಿ ತಲೆ ಮೇಲೆ ಕೈ ಹೊತ್ತರು. ಎಲ್ಲಾ ರದ್ದಿಗೆ ಹೋಯಿತು.

"ಶುದ್ಧ" ಬೇಡ ಅಂದದ್ದಕ್ಕೆ ನಿಜವಾದ ಕಾರಣ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳು. ಶುದ್ಧ, ತಾಜಾ, ನೈಸರ್ಗಿಕ ಅಂಥ ಮಾತಿಗೆ ಅಲ್ಲಿ ಷರತ್ತುಗಳಿವೆ. ಕಾಯಿಲೆ ತಡೆಯುತ್ತೆ, ವಾಸಿ ಮಾಡುತ್ತೆ ಅನ್ನುವ ಧ್ವನಿಯಂತೂ ಬೇಡವೇ ಬೇಡ. ಅಂದರೆ ನಾನು ತಡೆಯಬೇಕಿದ್ದದ್ದು ಆ ಹೇಳಿಕೆಯನ್ನು, ತಡೆದದ್ದು ಪದವನ್ನು. ಪದ ಹೋದರೂ ಹೇಳಿಕೆ ಬೇರೆ ಅಂಗಿ ತೊಟ್ಟು ಬಂದುಬಿಟ್ಟಿತು. ಪದದ ಪಕ್ಕದಲ್ಲಿ "ಕಾನೂನು, ಸಾಕ್ಷಿ ಇಲ್ಲದೆ ಗುಣ ಹೇಳಬೇಡಿ" ಅಂತ ಒಂದು ಸಾಲು ಹಾಕಿದ್ದರೆ ಸಾಕಿತ್ತು.

ಹಾಗಾಗಿ ಎಷ್ಟು ಪದ ಅನ್ನುವ ಪ್ರಶ್ನೆಯನ್ನೇ ಬಿಡಿ. ಪ್ರತಿ ಪದಕ್ಕೂ ಯಾಕೆ ಬೇಡ, ಬದಲಿಗೆ ಏನು ಅಂತ ಎರಡು ಕಾಲಂ ತುಂಬಿ. ತುಂಬಲು ಆಗದಿದ್ದರೆ ಅದು ನಿಮ್ಮ ಸ್ವಂತ ಅಲರ್ಜಿ ಅಷ್ಟೇ, ತೆಗೆದುಹಾಕಿ.

ಉದಾಹರಣೆಗಳನ್ನೂ ಸುಮ್ನೆ ಕಟ್ಟಿ ಬರೆಯಬೇಡಿ. ಯಾರೂ ಬರೆಯದ ಪೆದ್ದು ವಾಕ್ಯವನ್ನು "ಹೀಗೆ ಬೇಡ" ಅಂತ ತೋರಿಸಿದರೆ ಯಾರು ಏನು ಕಲಿಯುತ್ತಾರೆ? ಕೂದಲೆಳೆಯಲ್ಲಿ ತಪ್ಪಿದ್ದನ್ನು ಹಾಕಿ. ನಮ್ಮದರಲ್ಲಿ ಈಗ "ಬೇಡ" ಅಂತ ಆ ಕಾವಲಿನ ಸಾಲೇ ಇದೆ. ಎದುರಿಗೆ "ಬೇಕು": "ಮರದ ಗಾಣದಲ್ಲಿ ನಿಧಾನವಾಗಿ ಅರೆದದ್ದು. ಸೋಸುವುದಿಲ್ಲ, ಅದಕ್ಕೇ ತಳದಲ್ಲಿ ಸ್ವಲ್ಪ ಗಸಿ ಇರುತ್ತೆ." ಗಿರಾಕಿಗಳು ಫೋನ್ ಮಾಡಿ ಕೇಳುತ್ತಿದ್ದದ್ದೂ ಗಸಿಯ ಬಗ್ಗೆಯೇ.

ಅಪ್ರೂವಲ್‌ಗೆ ಇಬ್ಬರು ಸಾಕು, ಆದರೆ ಒಬ್ಬೊಬ್ಬರಿಗೆ ಒಂದೇ ಪ್ರಶ್ನೆ. ನಮ್ಮಲ್ಲಿ ಮೂವರು ವಾಟ್ಸಾಪ್ ಗ್ರೂಪಲ್ಲಿ ಓಕೆ ಅಂದಿದ್ದರು, ಇನ್ನೊಬ್ಬರು ನೋಡಿರುತ್ತಾರೆ ಅಂತ ಮೂವರೂ ಅಂದುಕೊಂಡಿದ್ದರು. ಈಗ ಮೊದಲು ಲೈಸೆನ್ಸ್ ನೋಡುವವರು "ಇದು ನಿಜವಾ, ಹೇಳಬಹುದಾ" ಅಂತ ಮಾತ್ರ ನೋಡುತ್ತಾರೆ. ಆಮೇಲೆ ನಾನು ಧಾಟಿ ನೋಡುತ್ತೇನೆ. ಧಾಟಿ ತಿದ್ದುವಾಗ ಒಂದು ಗುಣದ ಮಾತು ಬದಲಾದರೂ ಮತ್ತೆ ಅವರ ಹತ್ತಿರ ಹೋಗಬೇಕು. ತಿದ್ದುಪಡಿ ಎಲ್ಲಾ ಒಂದೇ ಫೈಲಲ್ಲಿ, ನನ್ನ ಕೈಯಿಂದಲೇ ಬರಹಗಾರರಿಗೆ. ಎರಡು ಸುತ್ತು ಅಷ್ಟೇ. ಮೂರನೆಯದು ಬೇಕಾದರೆ ನಾನು ಕೊಟ್ಟ ಬ್ರೀಫೇ ಸರಿಯಿಲ್ಲ ಅಂತ ಲೆಕ್ಕ, ಅದಕ್ಕೆ ಜಾಸ್ತಿ ದುಡ್ಡು ಕೊಡುತ್ತೇವೆ.

ಪಟ್ಟಿಯಲ್ಲಿ ಈಗ 11 ಪದ ಉಳಿದಿವೆ. ಮೊದಲನೆಯದು "ಅಪ್ಪಟ".